ತಕ್ಕಡಿ, ಹುಳಿ ಪಾತ್ರೆ ಮತ್ತು ಪ್ರೋಟೀನ್ ಲೆಕ್ಕ: ನೀವು ಕೇಳಿದ ಪ್ರಶ್ನೆಗಳಿಗೆ ಉತ್ತರ

ನಮಸ್ಕಾರ ಮೇಡಂ,

ಕಳೆದ ವಾರದ ನಿಮ್ಮ ಫುಡ್ ಲಾಗ್ ನೋಡಿದೆ. ಮಂಗಳವಾರ 144 ಗ್ರಾಂ ಪ್ರೋಟೀನ್ ಅಂತ ತೋರಿಸುತ್ತಿದೆ. ಇಡ್ಲಿ, ಹುಳಿ, ಮೊಳಕೆ ಕಾಳು, ಅನ್ನ, ಮೊಸರು, ಎರಡು ಮೊಟ್ಟೆ, ಎರಡು ಚಪಾತಿ, ಒಂದು ಸ್ಕೂಪ್ ಪೌಡರ್, ಇಷ್ಟರಲ್ಲಿ 144 ಬರುವುದಿಲ್ಲ. ನೀವು ತೂಗಿದ್ದು ಸರಿಯಾಗಿಯೇ ಇದೆ. ತೂಗಿದ ಮೇಲೆ ಆಪ್‌ನಲ್ಲಿ ಯಾವ ಸಾಲನ್ನು ಆರಿಸಿಕೊಂಡಿರಿ ಅನ್ನುವಲ್ಲಿ ಲೆಕ್ಕ ತಪ್ಪಿದೆ. ವರ್ಕೌಟ್ ನಡುವೆ ನಿಂತು ಹೇಳಿ ಮುಗಿಯುವ ವಿಷಯ ಅಲ್ಲ ಇದು. ಅದಕ್ಕೇ ನೀವೂ ಉಳಿದವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಸೇರಿಸಿ ಬರೆದಿದ್ದೇನೆ. ನಿಮ್ಮ ಮಂಗಳವಾರದ ಲೆಕ್ಕ ಕೊನೆಯಲ್ಲಿದೆ.

ನನಗೆ ದಿನಕ್ಕೆ ಎಷ್ಟು ಪ್ರೋಟೀನ್ ಬೇಕು?

ನಿಮ್ಮ ತೂಕ 62 ಕೆಜಿ. ವಾರಕ್ಕೆ ನಾಲ್ಕು ದಿನ ವೇಟ್ಸ್ ಮಾಡುತ್ತಿದ್ದೀರಿ. ಕೆಜಿಗೆ 1.6 ಗ್ರಾಂ ಲೆಕ್ಕ ಹಿಡಿದರೆ 99, ಅಂದರೆ 100 ಗ್ರಾಂ ಅಂದುಕೊಳ್ಳಿ. ಒಂದು ದಿನ 92, ಇನ್ನೊಂದು ದಿನ 106 ಆದರೆ ಏನೂ ಆಗುವುದಿಲ್ಲ, ವಾರದ ಸರಾಸರಿ ನೋಡಿದರೆ ಸಾಕು. ಕಿಡ್ನಿ ತೊಂದರೆ ಇರುವವರು ಮಾತ್ರ ಈ ಸಂಖ್ಯೆಯನ್ನು ಡಾಕ್ಟರ್ ಹತ್ತಿರವೇ ಕೇಳಿಕೊಳ್ಳಬೇಕು.

ಎಂಥ ತಕ್ಕಡಿ ತಗೊಳ್ಳಲಿ? ಅದು ಸರಿ ಇದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತೆ?

5 ಕೆಜಿವರೆಗೆ ತೂಗುವ, 1 ಗ್ರಾಂ ಅಂತರ ತೋರಿಸುವ ಸಾಮಾನ್ಯ ಅಡುಗೆಮನೆ ಡಿಜಿಟಲ್ ತಕ್ಕಡಿ ಸಾಕು. 0.1 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಬೇಡ. ಅಂಥವು ಹೆಚ್ಚಾಗಿ 500 ಗ್ರಾಂ, 1 ಕೆಜಿಗೇ ನಿಂತುಬಿಡುತ್ತವೆ, ನಮಗೆ ಹುಳಿ ಪಾತ್ರೆಯನ್ನೇ ಎತ್ತಿ ಇಡಬೇಕು. ತಟ್ಟೆ ಅಗಲವಿದ್ದು, ಮೇಲೆ ಪಾತ್ರೆ ಇಟ್ಟಾಗಲೂ ಸ್ಕ್ರೀನ್ ಕಾಣುವಂತಿದ್ದರೆ ಒಳ್ಳೆಯದು.

ಪರೀಕ್ಷೆಗೆ ಹತ್ತು ರೂಪಾಯಿ ನಾಣ್ಯ ಬಳಸಿ. ಹೊರಗೆ ಹಳದಿ, ಒಳಗೆ ಬಿಳಿ ಇರುವ ಎರಡು ಲೋಹದ ನಾಣ್ಯ ಒಂದೊಂದೂ 7.7 ಗ್ರಾಂ ಆಸುಪಾಸು ಇರುತ್ತದೆ. ಹತ್ತು ನಾಣ್ಯ ಇಟ್ಟರೆ 77 ತೋರಿಸಬೇಕು. 76, 78 ಬಂದರೆ ಪರವಾಗಿಲ್ಲ. 70 ಅಥವಾ 84 ಬಂದರೆ ಮೊದಲು ಬ್ಯಾಟರಿ ಬದಲಿಸಿ, ಆಮೇಲೂ ಹಾಗೇ ಇದ್ದರೆ ತಕ್ಕಡಿ ಬದಲಿಸಿ. ಆಮೇಲೆ ಅದೇ ನಾಣ್ಯಗಳನ್ನು ತಟ್ಟೆಯ ಮಧ್ಯೆ ಒಮ್ಮೆ, ಒಂದು ಮೂಲೆಯಲ್ಲಿ ಒಮ್ಮೆ ಇಟ್ಟು ನೋಡಿ. ಎರಡೂ ಒಂದೇ ಬರಬೇಕು. ಬರದಿದ್ದರೆ ಯಾವಾಗಲೂ ಮಧ್ಯದಲ್ಲೇ ಇಟ್ಟು ತೂಗಿ.

ತಕ್ಕಡಿ ಗಟ್ಟಿ ಕಲ್ಲಿನ ಮೇಲೆ, ಫ್ಯಾನ್ ಗಾಳಿ ತಾಗದ ಕಡೆ ಇರಲಿ. ಒಲೆಯಿಂದ ಇಳಿಸಿದ ಬಿಸಿ ಪಾತ್ರೆಯನ್ನು ನೇರವಾಗಿ ಇಡಬೇಡಿ. ಒಳಗಿನ ಸೆನ್ಸರ್ ಬಿಸಿಯಾದರೆ ಸಂಖ್ಯೆ ನಿಲ್ಲದೆ ಜಾರುತ್ತಾ ಹೋಗುತ್ತದೆ. ನಡುವೆ ತರಕಾರಿ ಹೆಚ್ಚುವ ಮರದ ಹಲಗೆ ಇಟ್ಟು, TARE ಬಟನ್ ಒತ್ತಿ ಅದನ್ನು ಸೊನ್ನೆ ಮಾಡಿಕೊಂಡು, ಆಮೇಲೆ ಪಾತ್ರೆ ಇಡಿ.

ಇನ್ನೊಂದು, ಸ್ಕ್ರೀನಿನ ಮೂಲೆಯಲ್ಲಿ g ಇದೆಯೇ ಅಂತ ಪ್ರತಿ ಸಲ ನೋಡಿ. ಕೈ ತಾಗಿ oz ಅಥವಾ ml ಆಗಿರುತ್ತದೆ. ಮೊಸರನ್ನು ml ನಲ್ಲಿ ತೂಗಿದರೆ ದೊಡ್ಡ ವ್ಯತ್ಯಾಸ ಬರುವುದಿಲ್ಲ, ಆದರೆ oz ನಲ್ಲಿ ಇದ್ದರೆ 100 ಗ್ರಾಂ ಪನೀರ್ ಬರೀ 3.5 ಅಂತ ತೋರಿಸಿ ನಿಮ್ಮನ್ನು ಗಾಬರಿ ಮಾಡುತ್ತದೆ.

ಬಟ್ಟಲು ಇಟ್ಟು TARE ಒತ್ತಿದೆ, ಕಡಲೆಬೀಜ ನಾಲ್ಕು ನಾಲ್ಕೇ ಹಾಕಿದೆ, ತೂಕ ಏರಲೇ ಇಲ್ಲ. ಕೆಟ್ಟಿದೆಯಾ?

ಕೆಟ್ಟಿಲ್ಲ. ಸೊನ್ನೆಯ ಹತ್ತಿರ ಇರುವಾಗ ಅರ್ಧ ಗ್ರಾಂನಷ್ಟು ಚಿಕ್ಕ ಬದಲಾವಣೆ ಆದರೆ, ಅದು ಗಾಳಿಯದ್ದೋ ಬಿಸಿಯದ್ದೋ ಇರಬೇಕು ಅಂದುಕೊಂಡು ತಕ್ಕಡಿ ತಾನೇ ಮತ್ತೆ ಸೊನ್ನೆಗೆ ಬರುತ್ತದೆ. ನೀವು ನಿಧಾನವಾಗಿ ಹಾಕುತ್ತಾ ಹೋದರೆ ಅಷ್ಟನ್ನೂ ಅದು ನುಂಗಿಬಿಡುತ್ತದೆ. ಹೀಗಾಗಿ ಕಡಲೆಬೀಜ, ಬೀಜಗಳು, ಪೌಡರ್ ಇಂಥವನ್ನು ಬೇರೆ ಬಟ್ಟಲಲ್ಲಿ ತೆಗೆದುಕೊಂಡು ಒಟ್ಟಿಗೆ ಸುರಿಯಿರಿ.

ಇದಕ್ಕಿಂತ ಸುಲಭದ ದಾರಿ ಇನ್ನೊಂದಿದೆ. ಡಬ್ಬಿಯನ್ನೇ ತಕ್ಕಡಿ ಮೇಲಿಟ್ಟು TARE ಒತ್ತಿ, ಬೇಕಾದಷ್ಟು ತೆಗೆಯಿರಿ. ಸ್ಕ್ರೀನ್ ಮೇಲೆ -28 ಅಂತ ಬಂದರೆ 28 ಗ್ರಾಂ ತೆಗೆದಿದ್ದೀರಿ ಅಂತ ಅರ್ಥ. ಪೀನಟ್ ಬಟರ್ ವಿಷಯದಲ್ಲಿ ಇದು ತುಂಬ ಅನುಕೂಲ, ಚಮಚಕ್ಕೆ ಅಂಟಿಕೊಂಡದ್ದನ್ನು ನೆಕ್ಕಿದರೂ ಲೆಕ್ಕಕ್ಕೆ ಬಂದಿರುತ್ತದೆ.

ತಕ್ಕಡಿ ಸುಮ್ಮನಿದ್ದರೆ ಒಂದೆರಡು ನಿಮಿಷಕ್ಕೆ ತಾನೇ ಆಫ್ ಆಗುತ್ತದೆ, ಆಗ ನೀವು ಮಾಡಿದ ಸೊನ್ನೆಯೂ ಹೋಗುತ್ತದೆ. ಹಾಗಾಗಿ ಮನೆಯ ಪಾತ್ರೆಗಳ ಖಾಲಿ ತೂಕವನ್ನು ಒಮ್ಮೆ ಬರೆದಿಟ್ಟುಕೊಳ್ಳಿ. ಹುಳಿ ಪಾತ್ರೆ, ಪಲ್ಯದ ಬಾಣಲೆ, ಹಿಟ್ಟಿನ ಡಬ್ಬ, ನೀವು ಊಟ ಮಾಡುವ ತಟ್ಟೆ, ಇಷ್ಟರದ್ದು ಸಾಕು. ಒಂದು ಚೀಟಿಯಲ್ಲಿ ಬರೆದು ಅಡುಗೆಮನೆ ಕಬೋರ್ಡ್ ಒಳಬಾಗಿಲಿಗೆ ಅಂಟಿಸಿ.

ಹಸಿ ತೂಕ ಬರೆಯಬೇಕಾ, ಬೆಂದ ಮೇಲಿನ ತೂಕ ಬರೆಯಬೇಕಾ?

ಎಲ್ಲ ತಪ್ಪೂ ಇಲ್ಲಿಂದಲೇ ಶುರುವಾಗುತ್ತದೆ, ಹಾಗಾಗಿ ನಿಧಾನವಾಗಿ ಓದಿ.

ಬೇಯುವಾಗ ಬೇಳೆ ನೀರು ಕುಡಿಯುತ್ತದೆ, ಕೋಳಿ ಮಾಂಸ ನೀರು ಬಿಡುತ್ತದೆ. ಎರಡರಲ್ಲೂ ಪ್ರೋಟೀನ್ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ, ಬದಲಾಗುವುದು ನೀರು ಮಾತ್ರ. ಒಣ ತೊಗರಿ ಬೇಳೆ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್. ಅದೇ 100 ಗ್ರಾಂ ಬೇಳೆ ಬೆಂದು ನೀರೆಲ್ಲ ಸೇರಿ 300 ಗ್ರಾಂ ಆಯಿತು ಅಂದುಕೊಳ್ಳಿ. ಆಗಲೂ ಇಡೀ ಪಾತ್ರೆಯಲ್ಲಿ ಇರುವುದು ಅದೇ 22. ಅಂದರೆ ಬೆಂದ ಬೇಳೆ 100 ಗ್ರಾಂಗೆ 7 ಚಿಲ್ಲರೆ. ಬೆಂದದ್ದನ್ನು 100 ಗ್ರಾಂ ತೂಗಿ, ಆಪ್‌ನಲ್ಲಿ ಒಣ ಬೇಳೆಯ ಸಾಲು ಆರಿಸಿದರೆ ಮೂರು ಪಟ್ಟು ಬರೆದಂತಾಯಿತು.

ಚಿಕನ್‌ನಲ್ಲಿ ಇದು ಉಲ್ಟಾ ನಡೆಯುತ್ತದೆ. ಮೂಳೆಯಿಲ್ಲದ ಹಸಿ ಎದೆಮಾಂಸ 100 ಗ್ರಾಂಗೆ 23 ಗ್ರಾಂ ಪ್ರೋಟೀನ್. ಬೆಂದಾಗ ಅದು 70ರಿಂದ 75 ಗ್ರಾಂಗೆ ಇಳಿಯುತ್ತದೆ, ಹಾಗಾಗಿ ಬೆಂದದ್ದು 100 ಗ್ರಾಂಗೆ 31. ಬೆಂದ 150 ಗ್ರಾಂ ತಿಂದು ಹಸಿ ಅಂತ ಬರೆದರೆ 46 ಇದ್ದದ್ದು 34 ಆಗಿ ಕಾಣುತ್ತದೆ. ಹೀಗೆ ಕಡಿಮೆ ಬರೆದುಕೊಂಡು, ಪ್ರೋಟೀನ್ ಸಾಲುತ್ತಿಲ್ಲ ಅಂತ ಮೇಲಿಂದ ಪೌಡರ್ ಕುಡಿಯುವವರೂ ಇದ್ದಾರೆ.

ಆದ್ದರಿಂದ ಹಸಿ ಒಳ್ಳೆಯದೋ ಬೆಂದದ್ದು ಒಳ್ಳೆಯದೋ ಅನ್ನುವುದಲ್ಲ ಪ್ರಶ್ನೆ. ತಕ್ಕಡಿಯ ಮೇಲೆ ಯಾವ ಸ್ಥಿತಿಯಲ್ಲಿ ಇಟ್ಟಿರೋ, ಆಪ್‌ನಲ್ಲೂ ಅದೇ ಸ್ಥಿತಿಯ ಸಾಲು ಆರಿಸಬೇಕು. ಆದರೂ ಆಯ್ಕೆ ನಿಮ್ಮ ಕೈಯಲ್ಲಿದ್ದಾಗ ಹಸಿಯದನ್ನೇ ತೂಗಿ ಅನ್ನುತ್ತೇನೆ. ಬೆಂದದ್ದರಲ್ಲಿ ನೀರು ಎಷ್ಟು ಅನ್ನುವುದು ಮನೆ ಮನೆಗೂ ಬೇರೆ. ಒಣ ಬೇಳೆ ಮಾತ್ರ ಹಾಸನದಲ್ಲೂ ಅಷ್ಟೇ, ಹುಬ್ಬಳ್ಳಿಯಲ್ಲೂ ಅಷ್ಟೇ.

ಮನೆಮಂದಿಗೆಲ್ಲ ಒಂದೇ ಪಾತ್ರೆಯಲ್ಲಿ ಹುಳಿ ಮಾಡ್ತೀವಿ. ನನ್ನ ಪಾಲಿನ ಹಸಿ ಬೇಳೆ ಎಷ್ಟು ಅಂತ ಹೇಗೆ ಹೇಳೋದು?

ಇಡೀ ಪಾತ್ರೆಯ ಪ್ರೋಟೀನ್ ಲೆಕ್ಕ ಹಾಕಿ, ಅದರಲ್ಲಿ ನೀವು ಎಷ್ಟನೇ ಪಾಲು ತಿಂದಿರಿ ಅಂತ ನೋಡಿದರೆ ಮುಗಿಯಿತು. ನಾಲ್ಕು ಜನರ ಮನೆಯ ಒಂದು ದಿನದ ಹುಳಿ ತಗೊಳ್ಳೋಣ.

ಕುಕ್ಕರಿಗೆ ಹಾಕುವ ಮೊದಲು, ತೊಳೆಯುವುದಕ್ಕೂ ಮುಂಚೆ, ತೊಗರಿ ಬೇಳೆ ತೂಗಿದಾಗ 150 ಗ್ರಾಂ. ಇದರಲ್ಲಿ 33 ಗ್ರಾಂ ಪ್ರೋಟೀನ್. ಬೀನ್ಸ್, ಕ್ಯಾರೆಟ್, ನವಿಲುಕೋಸು ಸೇರಿ 300 ಗ್ರಾಂ, ಮೇಲೆ ರುಬ್ಬಿದ ಕಾಯಿ. ಇವೆಲ್ಲದರಿಂದ ಸುಮಾರು 5 ಗ್ರಾಂ. ಒಟ್ಟು 38. ಒಗ್ಗರಣೆಯ ಸಾಸಿವೆ, ಬೇಳೆ, ಹುಳಿಪುಡಿಯಲ್ಲಿ ಇರುವುದನ್ನು ಬಿಟ್ಟುಬಿಡಿ.

ಹುಳಿ ಕುದಿದು ಒಗ್ಗರಣೆ ಬಿದ್ದ ಮೇಲೆ ಪಾತ್ರೆ ಸಮೇತ ತೂಗಿದಾಗ 2,160 ಗ್ರಾಂ. ಚೀಟಿಯಲ್ಲಿ ಬರೆದ ಖಾಲಿ ಪಾತ್ರೆಯ ತೂಕ 640. ಹಾಗಾದರೆ ಹುಳಿ 1,520 ಗ್ರಾಂ. 38ನ್ನು 1,520ರಿಂದ ಭಾಗಿಸಿದರೆ 0.025, ಅಂದರೆ 100 ಗ್ರಾಂ ಹುಳಿಗೆ 2.5 ಗ್ರಾಂ ಪ್ರೋಟೀನ್. ನೀವು ಅನ್ನಕ್ಕೆ ಹಾಕಿಕೊಂಡದ್ದು 200 ಗ್ರಾಂ ಆದರೆ ನಿಮಗೆ ಸಿಕ್ಕಿದ್ದು 5 ಗ್ರಾಂ.

ಐದೇ ಗ್ರಾಂ. ಬೇಳೆಯಲ್ಲಿ ಪ್ರೋಟೀನ್ ಇಲ್ಲ ಅಂತಲ್ಲ, ನಾಲ್ಕು ಜನರ ಎರಡು ಹೊತ್ತಿನ ಹುಳಿಯಲ್ಲಿ ಇದ್ದದ್ದೇ 150 ಗ್ರಾಂ ಬೇಳೆ. ತಿಳಿಸಾರಾದರೆ ಇನ್ನೂ ಕಡಿಮೆ, ಅದನ್ನು ಬರೆಯುವುದೇ ಬೇಡ.

ಈ ಲೆಕ್ಕ ಎರಡು ಕಡೆ ಕೈ ಕೊಡುತ್ತದೆ. ಒಂದು, ಬೇಳೆ ತಳದಲ್ಲಿ ಕೂತಿರುತ್ತದೆ. ಮೇಲಿನ ತಿಳಿಯನ್ನು ಬಡಿಸಿಕೊಂಡವರಿಗೂ ತಳದಿಂದ ಮೊಗೆದವರಿಗೂ ಒಂದೇ ಸಂಖ್ಯೆ ಹೊಂದುವುದಿಲ್ಲ. ಸೌಟನ್ನು ತಳದವರೆಗೆ ಇಳಿಸಿ ಎರಡು ಸುತ್ತು ತಿರುವಿ ಬಡಿಸಿಕೊಳ್ಳಿ. ಇನ್ನೊಂದು, ರಾತ್ರಿ ಬಿಸಿ ಮಾಡುವಾಗ ಹುಳಿ ಗಟ್ಟಿಯಾಗಿದೆ ಅಂತ ನೀರು ಸೇರಿಸುತ್ತಾರೆ. ಮಧ್ಯಾಹ್ನದ ಊಟದ ನಂತರ 900 ಗ್ರಾಂ ಉಳಿದಿತ್ತು ಅಂದುಕೊಳ್ಳಿ, ಅದರಲ್ಲಿ 22.5 ಗ್ರಾಂ ಪ್ರೋಟೀನ್ ಇತ್ತು. ನೀರು ಹಾಕಿದ ಮೇಲೆ 1,100 ಗ್ರಾಂ ಆದರೆ ಅದೇ 22.5 ಈಗ 1,100ರಲ್ಲಿ ಹಂಚಿಕೊಂಡಿದೆ, 100 ಗ್ರಾಂಗೆ 2 ಮಾತ್ರ. ನೀರು ಸೇರಿಸಿದರೆ ಪಾತ್ರೆ ಮತ್ತೊಮ್ಮೆ ತೂಗಿ.

ಆಪ್‌ನಲ್ಲಿ ರೆಸಿಪಿ ಮಾಡಿಟ್ಟುಕೊಳ್ಳುವ ಸೌಲಭ್ಯ ಇದ್ದರೆ ಹಸಿ ಪದಾರ್ಥಗಳನ್ನೆಲ್ಲ ಅದರಲ್ಲಿ ಹಾಕಿ, ಎಷ್ಟು ಸರ್ವಿಂಗ್ ಅಂತ ಕೇಳಿದಾಗ 4 ಅಂತ ಕೊಡಬೇಡಿ, 1520 ಅಂತ ಕೊಡಿ. ಆಗ ಒಂದು ಸರ್ವಿಂಗ್ ಅಂದರೆ 1 ಗ್ರಾಂ. 200 ಗ್ರಾಂ ತಿಂದರೆ 200 ಸರ್ವಿಂಗ್ ಅಂತ ಬರೆದರಾಯಿತು, ಭಾಗಾಕಾರ ಅದೇ ಮಾಡಿಕೊಳ್ಳುತ್ತದೆ.

ಅಡುಗೆ ಮಾಡೋದು ಅತ್ತೆ. ದಿನಾ ತಕ್ಕಡಿ ಹಿಡ್ಕೊಂಡು ಒಲೆ ಹತ್ತಿರ ನಿಂತರೆ ಮನೆಯಲ್ಲಿ ಏನು ಅಂದುಕೊಳ್ತಾರೆ?

ದಿನಾ ನಿಲ್ಲಬೇಕಾಗಿಲ್ಲ. ಬೇಳೆ ಡಬ್ಬಿಯಲ್ಲಿ ಅವರು ಇಟ್ಟುಕೊಂಡಿರುವ ಲೋಟವನ್ನು ಒಮ್ಮೆ ತೂಗಿದರೆ ಸಾಕು. ಅಡುಗೆ ಮಾಡಿ ಪಳಗಿದವರ ಅಳತೆ ದಿನದಿಂದ ದಿನಕ್ಕೆ ಅಷ್ಟೇನೂ ಬದಲಾಗುವುದಿಲ್ಲ. ಅವರು ಹೇಗೆ ತುಂಬುತ್ತಾರೋ ಹಾಗೇ, ತಲೆ ತಟ್ಟಿಯೋ ಗೋಪುರ ಏರಿಸಿಯೋ, ಮೂರು ಸಲ ತುಂಬಿ ತೂಗಿ, ಸರಾಸರಿ ತೆಗೆದು ಚೀಟಿಗೆ ಸೇರಿಸಿ. ಆಮೇಲೆ "ಅತ್ತೆ, ಇವತ್ತು ಬೇಳೆ ಎಷ್ಟು ಲೋಟ ಹಾಕಿದ್ರಿ?" ಅಂತ ಕೇಳಿದರೆ ಮುಗಿಯಿತು.

ಬಡಿಸುವ ಸೌಟನ್ನೂ ಹಾಗೇ ಅಳೆದಿಡಿ. ಒಂದು ತುಂಬು ಸೌಟು ಹುಳಿ 100 ಗ್ರಾಂ ಹಿಡಿಯುತ್ತದೆ ಅಂತ ಗೊತ್ತಾದರೆ, ಎಲ್ಲರ ಮುಂದೆ ತಟ್ಟೆ ತೂಗುವ ಪ್ರಮೇಯವೇ ಬರುವುದಿಲ್ಲ.

ಇಡ್ಲಿ, ದೋಸೆ ಹೇಗೆ ಲೆಕ್ಕ ಹಾಕೋದು? ಉದ್ದು ಇದೆಯಲ್ಲ, ಒಂದಕ್ಕೆ 4 ಗ್ರಾಂ ಸಿಗಲ್ವಾ?

ಇಲ್ಲೂ ಹಿಟ್ಟಿನ ಪಾತ್ರೆಯೇ ಉತ್ತರ ಹೇಳಬೇಕು. ನೆನೆಸುವ ಮುಂಚೆ ಅಕ್ಕಿ 450 ಗ್ರಾಂ, ಉದ್ದಿನ ಬೇಳೆ 150 ಗ್ರಾಂ. ಅಕ್ಕಿಯಿಂದ 34 ಗ್ರಾಂ, ಉದ್ದಿನಿಂದಲೂ ಸುಮಾರು 34, ಒಟ್ಟು 68 ಗ್ರಾಂ ಪ್ರೋಟೀನ್. ರುಬ್ಬಿ ಮುಗಿಸಿದ ಮೇಲೆ ಹಿಟ್ಟಿನ ತೂಕ 1,650 ಗ್ರಾಂ. ಅಂದರೆ 100 ಗ್ರಾಂ ಹಿಟ್ಟಿಗೆ 4.1. ಇಡ್ಲಿ ತಟ್ಟೆಯ ಒಂದು ಗುಂಡಿಗೆ 45 ಗ್ರಾಂ ಹಿಟ್ಟು ಬಿದ್ದರೆ ಇಡ್ಲಿಗೆ 1.85 ಗ್ರಾಂ. ನಾಲ್ಕು ಇಡ್ಲಿಗೆ ಏಳೂವರೆ.

ಹುದುಗಿದರೆ ಪ್ರೋಟೀನ್ ಹೆಚ್ಚಾಗುತ್ತದೆ ಅನ್ನುವವರಿದ್ದಾರೆ. ಉಬ್ಬುವುದು ಹುದುಗುವಾಗ ಹುಟ್ಟುವ ಗ್ಯಾಸ್‌ನಿಂದ, ತೂಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದಕ್ಕೇ ಹಿಟ್ಟನ್ನು ಲೋಟದಲ್ಲಿ ಅಳೆಯಬೇಡಿ. ರಾತ್ರಿ ರುಬ್ಬಿದಾಗಿನ ಒಂದು ಲೋಟವೂ ಬೆಳಿಗ್ಗೆ ಉಬ್ಬಿದ ಮೇಲಿನ ಒಂದು ಲೋಟವೂ ತೂಕದಲ್ಲಿ ಬೇರೆಬೇರೆ.

ರಾಗಿ ಮುದ್ದೆಗೂ ಇದೇ ದಾರಿ. ರಾಗಿ ಹಿಟ್ಟು 100 ಗ್ರಾಂಗೆ ಸುಮಾರು 7 ಗ್ರಾಂ. ಎಷ್ಟು ಹಿಟ್ಟಿನಲ್ಲಿ ಎಷ್ಟು ಮುದ್ದೆ ಕಟ್ಟಿದರು ಅನ್ನುವುದಷ್ಟೇ ಬೇಕು. ಮುದ್ದೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ.

ಮೊಳಕೆ ಕಾಳು, ಸೋಯಾ ಚಂಕ್ಸ್?

ಎರಡನ್ನೂ ನೆನೆಸುವ ಮುಂಚೆ ತೂಗಿ. ಒಣ ಹೆಸರುಕಾಳು 100 ಗ್ರಾಂನಲ್ಲಿ ಸುಮಾರು 23 ಗ್ರಾಂ ಪ್ರೋಟೀನ್. ಅದು ನೆನೆದು ಮೊಳಕೆ ಬಂದು 260 ಗ್ರಾಂ ಆಯಿತು ಅಂದರೆ, ಮೊಳಕೆ ಕಾಳು 100 ಗ್ರಾಂಗೆ ಸುಮಾರು 9. ಮೊಳಕೆ ಎಷ್ಟು ಉದ್ದ ಬಂತು, ಬಟ್ಟೆ ಎಷ್ಟು ಒದ್ದೆ ಇತ್ತು ಅನ್ನುವುದರ ಮೇಲೆ ಆ 260 ಬದಲಾಗುತ್ತದೆ, ಹಾಗಾಗಿ ಮೊಳಕೆ ಬಂದ ಮೇಲೆ ಒಟ್ಟು ತೂಕವನ್ನೂ ಬರೆದುಕೊಳ್ಳಿ.

ಸೋಯಾ ಚಂಕ್ಸ್ ಒಣಗಿದ್ದಾಗ 100 ಗ್ರಾಂಗೆ 52 ಗ್ರಾಂ ಆಸುಪಾಸು, ಪ್ಯಾಕೆಟ್ ಹಿಂದೆ ಬರೆದಿರುತ್ತದೆ. 50 ಗ್ರಾಂ ಒಣ ಚಂಕ್ಸ್ ಅಂದರೆ 26 ಗ್ರಾಂ ಪ್ರೋಟೀನ್. ನೆನೆಸಿ ಹಿಂಡಿದ ಮೇಲೆ ತೂಗಿದರೆ ಏನೂ ಪ್ರಯೋಜನವಿಲ್ಲ, ನೀವು ಎಷ್ಟು ಗಟ್ಟಿಯಾಗಿ ಹಿಂಡಿದಿರಿ ಅನ್ನುವುದನ್ನು ಆ ಸಂಖ್ಯೆ ಹೇಳುತ್ತದೆ ಅಷ್ಟೇ.

ಭಾನುವಾರ ಚಿಕನ್ ಸಾರು. ಮೂಳೆ ಸಮೇತ ಇರುತ್ತಲ್ಲ?

ಊಟಕ್ಕೆ ಕೂರುವಾಗ ಪೀಸ್‌ಗಳನ್ನು ಸಾರಿನಿಂದ ಎತ್ತಿ, ರಸ ಸೋರಿಸಿ, ಖಾಲಿ ತಟ್ಟೆಗೆ ಹಾಕಿ ತೂಗಿ. 210 ಗ್ರಾಂ ಬಂತು ಅನ್ನಿ. ಆಮೇಲೆ ಸಾರು ಹಾಕಿಕೊಂಡು ಊಟ ಮಾಡಿ. ಮೂಳೆಗಳನ್ನು ಪಕ್ಕಕ್ಕೆ ಒಂದು ಬಟ್ಟಲಲ್ಲಿ ಹಾಕುತ್ತಾ ಹೋಗಿ, ಕೊನೆಯಲ್ಲಿ ತೂಗಿ. 62 ಗ್ರಾಂ ಮೂಳೆ ಆದರೆ ನೀವು ತಿಂದದ್ದು 148 ಗ್ರಾಂ ಬೆಂದ ಮಾಂಸ. ಎದೆ, ಕಾಲು ಎಲ್ಲ ಕಲಸಿದ, ಚರ್ಮ ತೆಗೆದ ಕೋಳಿಗೆ ಬೆಂದ ಮೇಲೆ 100 ಗ್ರಾಂಗೆ 27 ಹಿಡಿಯಿರಿ, 40 ಗ್ರಾಂ ಆಯಿತು. ಎದೆಮಾಂಸದ 31ನ್ನು ಇಲ್ಲಿ ಹಾಕಬೇಡಿ, ಕಾಲಿನ ಮಾಂಸದಲ್ಲಿ ಅಷ್ಟಿಲ್ಲ.

ಅಂಗಡಿಯಿಂದ ತಂದ 1 ಕೆಜಿ ಕರಿ ಕಟ್ ಚಿಕನ್ ಅನ್ನು 1 ಕೆಜಿ ಮಾಂಸ ಅಂತ ಬರೆಯುವುದು ಇನ್ನೊಂದು ಮಾಮೂಲಿ ತಪ್ಪು. ಆ ಒಂದು ಕೆಜಿಯಲ್ಲಿ ಮೂಳೆಯೂ ಇದೆ. ಕತ್ತು, ಬೆನ್ನಿನ ಪೀಸ್ ಬಂದವರಿಗಂತೂ ಅರ್ಧ ಮೂಳೆಯೇ.

ಮೊಟ್ಟೆಯನ್ನೂ ತೂಗಬೇಕಾ?

ಬೇಡ, ಒಂದಕ್ಕೆ 6 ಗ್ರಾಂ ಅಂತ ಎಣಿಸಿ. ಬಿಳಿ ಮಾತ್ರ ತಿಂದರೆ ಮೂರೂವರೆ.

ಹಾಲು, ಮೊಸರು, ಪನೀರ್?

ಹಾಲಿಗೆ 100 ಮಿಲಿಗೆ 3ರಿಂದ 3.3. ಮನೆಯ ಮೊಸರು ಅದೇ ಹಾಲಿನಿಂದ ಆದದ್ದು, ಹಾಗಾಗಿ ಹೆಚ್ಚುಕಡಿಮೆ ಅದಕ್ಕೂ ಅಷ್ಟೇ. 150 ಗ್ರಾಂನ ಬಟ್ಟಲಿಗೆ 5 ಗ್ರಾಂ. ಆಪ್‌ನಲ್ಲಿ ಮೊಸರು ಅಂತ ಹುಡುಕಿದಾಗ 100 ಗ್ರಾಂಗೆ 10 ತೋರಿಸುವ ಸಾಲು ಬಂದರೆ ಅದು ನೀರು ಸೋಸಿ ತೆಗೆದ ಗ್ರೀಕ್ ಯೋಗರ್ಟ್‌ನದ್ದು, ನಿಮ್ಮ ಮಡಕೆಯ ಮೊಸರಿಗೆ ಅದು ಹೊಂದುವುದಿಲ್ಲ. ಮಜ್ಜಿಗೆಗೆ ಎಷ್ಟು ಮೊಸರು ಹಾಕಿದಿರಿ ಅನ್ನುವುದಷ್ಟೇ ಲೆಕ್ಕ, ಲೋಟದ ಗಾತ್ರ ಅಲ್ಲ.

ಪನೀರ್ 100 ಗ್ರಾಂಗೆ 18ರಿಂದ 20. ಪ್ಯಾಕೆಟ್‌ನಲ್ಲಿ ಬರೆದದ್ದನ್ನೇ ಹಾಕಿ, ಆದರೆ ಆ ಸಂಖ್ಯೆ 100 ಗ್ರಾಂಗೋ ಒಂದು ಸರ್ವ್‌ಗೋ ಅಂತ ನೋಡಿ. ಒಂದೇ ಪಟ್ಟಿಯಲ್ಲಿ ಎರಡೂ ಕಾಲಂ ಅಕ್ಕಪಕ್ಕ ಇರುತ್ತವೆ, ಅವಸರದಲ್ಲಿ ಕಣ್ಣು ಪಕ್ಕದ ಕಾಲಂಗೆ ಜಾರುತ್ತದೆ.

ಪೌಡರ್ ಡಬ್ಬಿಯಲ್ಲಿ ಸ್ಕೂಪ್ ಇದೆಯಲ್ಲ, ಅದನ್ನೂ ತೂಗಬೇಕಾ?

ತೂಗಿ. ಡಬ್ಬಿ ಮೇಲೆ ಒಂದು ಸರ್ವ್‌ಗೆ 33 ಗ್ರಾಂ ಪೌಡರ್, ಅದರಲ್ಲಿ 24 ಗ್ರಾಂ ಪ್ರೋಟೀನ್ ಅಂತ ಬರೆದಿದೆ ಅಂದುಕೊಳ್ಳಿ. ಆ 24 ಇರುವುದು 33 ಗ್ರಾಂಗೆ, ಸ್ಕೂಪಿಗಲ್ಲ. ಹೊಸ ಡಬ್ಬಿಯನ್ನು ಅಲ್ಲಾಡಿಸಿ ತೆಗೆದರೆ ಪೌಡರ್ ಉದುರುದುರಾಗಿ ಸ್ಕೂಪಿನಲ್ಲಿ 29 ಗ್ರಾಂ ಕೂರಬಹುದು. ತಳಕ್ಕೆ ಬಂದಾಗ, ಒತ್ತಿ ಮೊಗೆದಾಗ ಅದೇ ಸ್ಕೂಪಿನಲ್ಲಿ 37 ಕೂರಬಹುದು. 29 ಗ್ರಾಂ ಪೌಡರ್ ಅಂದರೆ 21 ಗ್ರಾಂ ಪ್ರೋಟೀನ್. ಶೇಕರ್ ಅನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಪೌಡರ್ ಸುರಿದು, ಆಮೇಲೆ ನೀರು ಹಾಕಿ.

ಆಪ್‌ನಲ್ಲಿ ಒಂದೇ ಪದಾರ್ಥಕ್ಕೆ ಇಪ್ಪತ್ತು ಸಾಲು ಬರುತ್ತೆ. ಯಾವುದನ್ನ ನಂಬೋದು?

ಅದರಲ್ಲಿ ಬಹಳಷ್ಟು ನಿಮ್ಮ ಹಾಗೇ ಬಳಸುವವರು ತುಂಬಿದವು. ಮೊದಲು "1 bowl", "1 katori" ಅಂತ ಇರುವುದನ್ನೆಲ್ಲ ಬಿಟ್ಟುಬಿಡಿ, ಯಾರ ಮನೆಯ ಬಟ್ಟಲೋ ಗೊತ್ತಿಲ್ಲ. ಗ್ರಾಂ ಇರುವುದನ್ನು ಮಾತ್ರ ನೋಡಿ.

ಆಮೇಲೆ ಪ್ರೋಟೀನ್ ನೋಡುವ ಮುಂಚೆ ಕ್ಯಾಲೊರಿ ನೋಡಿ. ಬೇಳೆಕಾಳಿನ ಸಾಲಿನಲ್ಲಿ 100 ಗ್ರಾಂಗೆ 300 ದಾಟಿದ ಕ್ಯಾಲೊರಿ ಇದ್ದರೆ ಅದು ಒಣ ಕಾಳಿನದ್ದು, ಹೆಸರು ಏನೇ ಬರೆದಿರಲಿ. ಬೆಂದದ್ದಾದರೆ ನೂರರ ಆಸುಪಾಸು, ನೀರಾದ ಹುಳಿ ಆದರೆ ಇನ್ನೂ ಕಡಿಮೆ ಇರುತ್ತದೆ. ಇದೊಂದನ್ನು ನೋಡುವ ಅಭ್ಯಾಸ ಆದರೆ ದೊಡ್ಡ ತಪ್ಪುಗಳು ನಿಲ್ಲುತ್ತವೆ. ಇನ್ನೊಂದು ಪರೀಕ್ಷೆ: 1 ಗ್ರಾಂ ಪ್ರೋಟೀನಿಗೆ 4 ಕ್ಯಾಲೊರಿ. ಪ್ರೋಟೀನನ್ನು ನಾಲ್ಕರಿಂದ ಗುಣಿಸಿದಾಗ ಒಟ್ಟು ಕ್ಯಾಲೊರಿಗಿಂತ ಸ್ಪಷ್ಟವಾಗಿ ಹೆಚ್ಚು ಬಂದರೆ ಆ ಸಾಲು ತಪ್ಪು.

ನಮ್ಮ ಧಾನ್ಯ, ಬೇಳೆ, ಸೊಪ್ಪುಗಳಿಗೆ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಪಟ್ಟಿ ಇದೆ, IFCT 2017 ಅಂತ ಹುಡುಕಿ. 528 ಪದಾರ್ಥಗಳನ್ನು ನಮ್ಮ ದೇಶದಲ್ಲೇ ಸಂಗ್ರಹಿಸಿ ಪರೀಕ್ಷಿಸಿದ್ದು. ಅದರಲ್ಲಿ ಇರುವುದು ಬಹುಪಾಲು ಹಸಿ ಪದಾರ್ಥದ ಲೆಕ್ಕ ಅನ್ನುವುದನ್ನು ಮರೆಯಬೇಡಿ. ನೀವು ಪದೇ ಪದೇ ತಿನ್ನುವ ಹದಿನೈದು ಪದಾರ್ಥಗಳನ್ನು ಒಮ್ಮೆ ಸರಿ ನೋಡಿ ಆಪ್‌ನಲ್ಲಿ ನಿಮ್ಮದೇ ಹೆಸರಿನಲ್ಲಿ ಉಳಿಸಿಕೊಳ್ಳಿ. "ಮನೆ ಮೊಸರು", "ತೊಗರಿ ಒಣ", ಹೀಗೆ.

ಎಲ್ಲವನ್ನೂ ತೂಗಲೇಬೇಕಾ? ಹೊರಗೆ ಊಟ ಮಾಡಿದಾಗ?

ಸೌತೆಕಾಯಿ, ಸೊಪ್ಪಿನ ಪಲ್ಯ, ಹಣ್ಣು, ಕಾಫಿ ಇವನ್ನು ಪ್ರೋಟೀನ್ ಸಲುವಾಗಿ ತೂಗುವುದು ದಂಡ. 50 ಗ್ರಾಂ ತಪ್ಪಿದರೂ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಚಿಕನ್, ಪನೀರ್, ಸೋಯಾ, ಪೌಡರ್, ಒಣ ಬೇಳೆಕಾಳು, ಈ ಐದರಲ್ಲಿ ಮಾತ್ರ ಗ್ರಾಂ ಹಿಡಿದು ಕೂರಿ.

ಮದುವೆ ಊಟ, ಹೋಟೆಲ್ ಸಾಂಬಾರಿಗೆ ಯಾವ ತಕ್ಕಡಿಯೂ ಇಲ್ಲ. ಸೌಟಿನ ಲೆಕ್ಕದಲ್ಲಿ ಸಾಂಬಾರಿಗೆ 100 ಗ್ರಾಂಗೆ 2 ಅಂತ ಬರೆದು ಮುಂದೆ ಹೋಗಿ. ಅಂದಾಜು ಹಾಕುವಾಗ ಕಡಿಮೆಯನ್ನೇ ಹಾಕಿ. ಹೆಚ್ಚು ಬರೆದುಕೊಂಡರೆ ಆ ದಿನ ರಾತ್ರಿ ನೀವು ಮೊಟ್ಟೆ ಬೇಯಿಸುವುದಿಲ್ಲ.

ಹಾಗಾದರೆ ನನ್ನ ಮಂಗಳವಾರದ 144 ಏನಾಯ್ತು?

ಬೆಳಿಗ್ಗೆ ನಾಲ್ಕು ಇಡ್ಲಿ, 150 ಗ್ರಾಂ ಹುಳಿಗೆ 14 ಬರೆದಿದ್ದಿರಿ, ಮೇಲಿನ ಲೆಕ್ಕದಲ್ಲಿ ಅದು 11. ಹನ್ನೊಂದು ಗಂಟೆಗೆ 100 ಗ್ರಾಂ ಮೊಳಕೆ ಹೆಸರುಕಾಳು, ಒಣ ಕಾಳಿನ ಸಾಲು ಆರಿಸಿ 24 ಅಂತ ಹಾಕಿದ್ದೀರಿ, ಇದ್ದದ್ದು 9. ಮಧ್ಯಾಹ್ನ 200 ಗ್ರಾಂ ಹುಳಿಗೆ ಒಣ ತೊಗರಿ ಬೇಳೆಯ ಸಾಲು, 44 ಬಂತು, ಇದ್ದದ್ದು 5. ಅನ್ನ 200 ಗ್ರಾಂಗೆ 5, ಅದು ಸರಿಯೇ ಇದೆ. ಮೊಸರಿಗೆ ಗ್ರೀಕ್ ಯೋಗರ್ಟ್ ಸಾಲು, 15, ಇದ್ದದ್ದು 5. ಪೌಡರ್ ಒಂದು ಸ್ಕೂಪ್ 24 ಅಂತ ಇದೆ. ನಿಮ್ಮ ಸ್ಕೂಪ್ ಜಿಮ್‌ನಲ್ಲಿ ತೂಗಿದಾಗ 29 ಗ್ರಾಂ ಬಂತಲ್ಲ, ಹಾಗಾಗಿ 21. ರಾತ್ರಿ ಎರಡು ಮೊಟ್ಟೆಗೆ 12, ಎರಡು ಚಪಾತಿಗೆ 6, ಎರಡೂ ಸರಿ.

ಕೂಡಿದರೆ 74. ತಪ್ಪಿದ 70 ಗ್ರಾಂನಲ್ಲಿ 64 ಬಂದದ್ದು ಬರೀ ಮೂರು ಸಾಲಿನಿಂದ: ಹುಳಿ, ಮೊಳಕೆ ಕಾಳು, ಮೊಸರು. ಪೌಡರಿನ 3 ಗ್ರಾಂ, ಇಡ್ಲಿಯ 3 ಗ್ರಾಂ ಬಿಟ್ಟರೂ ನಡೆಯುತ್ತಿತ್ತು.

100 ಮುಟ್ಟಲು ಇನ್ನೂ 26 ಬೇಕು. ಒಣ ಸೋಯಾ ಚಂಕ್ಸ್ 50 ಗ್ರಾಂ ನೆನೆಸಿ ರಾತ್ರಿ ಚಪಾತಿಗೆ ಪಲ್ಯ ಮಾಡಿಕೊಂಡರೆ ಅಷ್ಟೂ ಬಂತು. ಸೋಯಾ ಬೇಡ ಅನ್ನುವ ದಿನ 100 ಗ್ರಾಂ ಪನೀರ್, ಜೊತೆಗೆ ಇನ್ನೊಂದು ಮೊಟ್ಟೆ. ಹುಳಿಯನ್ನು ಜಾಸ್ತಿ ಸುರಿದುಕೊಂಡು ತುಂಬಿಸಲು ನೋಡಬೇಡಿ, 26 ಗ್ರಾಂಗೆ ಒಂದು ಕೆಜಿ ದಾಟಿ ಹುಳಿ ಕುಡಿಯಬೇಕಾಗುತ್ತದೆ.

ಈ ವಾರ ಹಳೆಯ ಲಾಗ್ ತಿದ್ದುವ ಕೆಲಸಕ್ಕೆ ಹೋಗಬೇಡಿ. ಪಾತ್ರೆಗಳ ಖಾಲಿ ತೂಕ, ಬೇಳೆ ಲೋಟ, ಸೌಟು, ಇವಿಷ್ಟನ್ನು ಅಳೆದು ಚೀಟಿ ಮಾಡಿ. ಸೋಮವಾರ ಬರುವಾಗ ಅದರ ಫೋಟೋ ತನ್ನಿ, ನಿಮ್ಮ ಮನೆಯ ಹುಳಿ ಮತ್ತು ಹಿಟ್ಟಿನ ರೆಸಿಪಿಯನ್ನು ಆಪ್‌ನಲ್ಲಿ ಒಟ್ಟಿಗೆ ತುಂಬೋಣ.

ಇಂತಿ,
ನಿಮ್ಮ ಟ್ರೈನರ್